ಉಪವಾಸದ ದಿನ ಎದೆ ಡವಡವ: 'ವಿಷ ಹೊರಹೋಗುವ ಲಕ್ಷಣ' ಎಂಬುದು ನಿಜವೇ?

'ಉಪವಾಸವಿದ್ದಾಗ ಎದೆ ಜೋರಾಗಿ ಬಡಿದುಕೊಂಡರೆ ಹೆದರಬೇಡಿ, ದೇಹದ ವಿಷ ಹೊರಹೋಗುತ್ತಿದೆ' ಎಂಬ ಧಾಟಿಯ ಸಂದೇಶ ನಿಮಗೂ ಬಂದಿರಬಹುದು. ಇದು ಸುಳ್ಳು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರ ಮಟ್ಟಿಗೆ ಅಪಾಯಕಾರಿ ಸುಳ್ಳು.

ಒಂದು ಉದಾಹರಣೆ ನೋಡೋಣ. ಅರವತ್ತು ದಾಟಿದ ಹಿರಿಯರೊಬ್ಬರು ಏಕಾದಶಿಯ ದಿನವೂ ಎಂದಿನಂತೆ ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿದರು, ತಿಂಡಿ ಬಿಟ್ಟರು. ಹನ್ನೊಂದು ಗಂಟೆಗೆ ಎದೆ ಡವಡವ, ಕೈನಡುಕ, ತಣ್ಣನೆಯ ಬೆವರು. ಗ್ಲುಕೋಮೀಟರ್ 58 ತೋರಿಸಿತು. 70ಕ್ಕಿಂತ ಕಡಿಮೆಯಾದರೆ ಅದನ್ನು 'ಲೋ ಶುಗರ್' ಎನ್ನುತ್ತಾರೆ.

ಆಗಿದ್ದು ಇಷ್ಟು. ಈ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಸಕ್ಕರೆ ಇಳಿದಾಗ ದೇಹ ಅಡ್ರಿನಲಿನ್ ಬಿಡುಗಡೆ ಮಾಡಿ, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ತರಿಸುತ್ತದೆ. ಅದೇ ಅಡ್ರಿನಲಿನ್ ಹೃದಯವನ್ನೂ ಓಡಿಸುತ್ತದೆ. ಅಂದರೆ ಆ ಬಡಿತ ಒಂದು ಎಚ್ಚರಿಕೆ ಗಂಟೆ.

ಅವರ ಮಗಳು ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 84. ಆಗಲೂ 70ರ ಕೆಳಗೇ ಇದ್ದಿದ್ದರೆ ಮತ್ತೊಮ್ಮೆ ಅಷ್ಟೇ ಕೊಡಬೇಕಿತ್ತು. ಚಾಕೊಲೇಟ್ ಇದಕ್ಕೆ ಆಗದು, ಅದರ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ತಡಮಾಡುತ್ತದೆ. ಮಾತ್ರೆಯ ಪ್ರಭಾವ ದಿನವಿಡೀ ಇರುವುದರಿಂದ ಸಕ್ಕರೆ ಮತ್ತೆ ಕುಸಿಯಬಹುದು, ಹಾಗಾಗಿ ಆಮೇಲೆ ಊಟ ಮಾಡಲೇಬೇಕು. ಏಕಾದಶಿ ಹದಿನೈದು ದಿನಕ್ಕೆ ಮತ್ತೆ ಬರುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಇಲ್ಲೊಂದು ತೊಡಕಿದೆ. ಬಿಪಿಗೋ ಹೃದಯಕ್ಕೋ ಅಟೆನೊಲಾಲ್, ಪ್ರೊಪ್ರಾನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಇಳಿದರೂ ಎದೆಬಡಿತ ಏರದಿರಬಹುದು. ಈ ಮಾತ್ರೆಗಳು ಅಡ್ರಿನಲಿನ್ ಹೃದಯದ ಮೇಲೆ ಮಾಡುವ ಕೆಲಸಕ್ಕೆ ತಡೆಯೊಡ್ಡುತ್ತವೆ. ಬೆವರು ಮಾತ್ರ ಬರುತ್ತದೆ, ಅದನ್ನೇ ಸುಳಿವಾಗಿ ಹಿಡಿಯಬೇಕು.

ಸಕ್ಕರೆ ಕಾಯಿಲೆ ಇಲ್ಲದ ಆರೋಗ್ಯವಂತರಿಗೆ ಒಂದು ಹೊತ್ತು ಊಟ ಬಿಟ್ಟ ಮಾತ್ರಕ್ಕೆ ಸಕ್ಕರೆ ಇಷ್ಟು ಇಳಿಯುವುದು ಅಪರೂಪ, ಯಕೃತ್ತು ನಿಭಾಯಿಸುತ್ತದೆ. ಅವರಿಗೆ ಎದೆ ಹೊಡೆದುಕೊಂಡರೆ ನಾವು ಮೊದಲು ಕೇಳುವುದು, ನೀರು ಕುಡಿದಿರಾ? ಖಾಲಿ ಹೊಟ್ಟೆಗೆ ಎಷ್ಟು ಕಾಫಿ ಇಳಿಸಿದಿರಿ? ನಿರ್ಜಲ ಉಪವಾಸದಲ್ಲಿ ರಕ್ತದ ಪ್ರಮಾಣ ತಗ್ಗುತ್ತದೆ, ಎದ್ದು ನಿಂತಾಗ ನಾಡಿ ಓಡುತ್ತದೆ, ಮಲಗಿದರೆ ಇಳಿಯುತ್ತದೆ. ಉಂಡು, ನೀರು ಕುಡಿದ ಮೇಲೂ ಬಡಿತ ನಿಲ್ಲದಿದ್ದರೆ, ತಾಳ ತಪ್ಪಿದಂತಿದ್ದರೆ ಇಸಿಜಿ ಮಾಡಿಸಿ. ಎದೆನೋವು ಜೊತೆಗಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮುಂದಿನ ಉಪವಾಸಕ್ಕೆ ಮುಂಚೆ ಮಾತ್ರೆಯ ಚೀಟಿ ಹಿಡಿದು ವೈದ್ಯರ ಬಳಿ ಹೋಗಿ, 'ಆ ದಿನ ಇದನ್ನು ಎಷ್ಟು, ಯಾವಾಗ ತೆಗೆದುಕೊಳ್ಳಲಿ?' ಎಂದು ಕೇಳಿ. ನೀವೇ ಬಿಟ್ಟುಬಿಡಬೇಡಿ.