ಎರಡು ವರ್ಷ ತೆರೆಯದಿದ್ದರೆ ಜಿಮೇಲ್ ಖಾತೆಗೆ ಕುತ್ತು: ಹಳೆಯ ಖಾತೆಯನ್ನು ಉಳಿಸಿಕೊಳ್ಳುವುದು ಹೇಗೆ?

ಸತತ ಎರಡು ವರ್ಷ ಬಳಕೆಯಾಗದ ವೈಯಕ್ತಿಕ ಗೂಗಲ್ ಖಾತೆಯನ್ನು ಅದರೊಳಗಿನ ಸರ್ವಸ್ವದ ಸಮೇತ ಅಳಿಸಿಹಾಕಬಹುದು ಎಂಬ ನಿಯಮವನ್ನು ಗೂಗಲ್ ಸಂಸ್ಥೆ 2023ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದೇ ವರ್ಷದ ಡಿಸೆಂಬರ್ 1ರ ನಂತರ ಹಂತಹಂತವಾಗಿ ಅಳಿಸುವ ಕಾರ್ಯ ನಡೆಯುವುದೆಂದೂ, ಒಮ್ಮೆ ತೆರೆದು ಮತ್ತೆಂದೂ ಬಳಸದೆ ಬಿಟ್ಟ ಖಾತೆಗಳು ಮೊದಲ ಸರದಿಯಲ್ಲಿರುವುವೆಂದೂ ಅದು ತಿಳಿಸಿತ್ತು. ಜಿಮೇಲ್ ಪತ್ರಗಳು, ಡ್ರೈವ್‌ನಲ್ಲಿರುವ ಕಡತಗಳು, ಫೋಟೋಸ್‌ನಲ್ಲಿ ಕೂಡಿಟ್ಟ ಚಿತ್ರಗಳು, ಕ್ಯಾಲೆಂಡರ್ ಎಲ್ಲವೂ ಈ ನಿಯಮದ ವ್ಯಾಪ್ತಿಗೆ ಬರುತ್ತವೆ.

ಹತ್ತು ಹದಿನೈದು ವರ್ಷಗಳ ಹಿಂದೆ ಖಾತೆ ತೆರೆದು, ಅನಂತರ ಹೊಸ ಮೊಬೈಲ್ ಕೊಂಡಾಗ ಹೊಸ ವಿಳಾಸಕ್ಕೆ ಬದಲಾದವರು ನಮ್ಮಲ್ಲಿ ವಿರಳವೇನಲ್ಲ. ಅವರ ಹಳೆಯ ಖಾತೆಯಲ್ಲಿ ಮನೆಯವರ ಚಿತ್ರಗಳಿರಬಹುದು, ನೌಕರಿಯ ಕಾಗದಪತ್ರಗಳಿರಬಹುದು. ಆದ್ದರಿಂದ ಈ ನಿಯಮ ಹೇಗೆ ಕೆಲಸ ಮಾಡುತ್ತದೆ, ಯಾವುದನ್ನು ಬಳಕೆ ಎಂದು ಪರಿಗಣಿಸುತ್ತದೆ ಎಂಬುದನ್ನು ಅರಿತಿರುವುದು ಅಗತ್ಯ.

ಅಳಿಸುವುದೇಕೆ?

ಗೂಗಲ್ ಮುಂದಿಟ್ಟ ಮುಖ್ಯ ಕಾರಣ ಸುರಕ್ಷತೆ. ಮರೆತುಹೋದ ಖಾತೆಗಳಿಗೆ ಸಾಮಾನ್ಯವಾಗಿ ಹಳೆಯ ಪಾಸ್‌ವರ್ಡ್ ಇರುತ್ತದೆ. ಅದೇ ಪಾಸ್‌ವರ್ಡ್ ಬೇರೆ ತಾಣಗಳಿಂದ ಸೋರಿಕೆಯಾಗಿರುವ ಸಾಧ್ಯತೆಯೂ ಹೆಚ್ಚು. ಸಕ್ರಿಯ ಖಾತೆಗಳಿಗೆ ಹೋಲಿಸಿದರೆ, ಕೈಬಿಟ್ಟ ಖಾತೆಗಳಲ್ಲಿ ಎರಡು ಹಂತದ ದೃಢೀಕರಣ ಇರುವ ಸಾಧ್ಯತೆ ಕನಿಷ್ಠ 10 ಪಟ್ಟು ಕಡಿಮೆ ಎಂದು ಸಂಸ್ಥೆ ತನ್ನ ಆಂತರಿಕ ವಿಶ್ಲೇಷಣೆಯನ್ನು ಉಲ್ಲೇಖಿಸಿ ಹೇಳಿತ್ತು. ಇಂತಹ ಖಾತೆ ವಂಚಕರ ವಶವಾದರೆ, ಅದರ ಒಡೆಯನ ಹೆಸರಿನಲ್ಲೇ ಪರಿಚಿತರಿಗೆ ಮೋಸದ ಪತ್ರಗಳು ಹೋಗುತ್ತವೆ. ಮನೆಯೊಡೆಯನಿಗೆ ಮಾತ್ರ ಇದರ ಸುಳಿವೂ ಇರುವುದಿಲ್ಲ.

ಬಳಕೆ ಎಂದರೆ ಯಾವುದು?

ಖಾತೆಗೆ ಪತ್ರಗಳು ಬಂದು ಬೀಳುತ್ತಿವೆ ಎಂದ ಮಾತ್ರಕ್ಕೆ ಅದು ಜೀವಂತವಾಗಿದೆ ಎಂದರ್ಥವಲ್ಲ. ಖಾತೆದಾರರು ಲಾಗಿನ್ ಆಗಿ ತಾವೇ ಏನನ್ನಾದರೂ ಮಾಡಿರಬೇಕು. ಒಂದು ಪತ್ರ ಓದುವುದು ಅಥವಾ ಕಳುಹಿಸುವುದು, ಡ್ರೈವ್ ಬಳಸುವುದು, ಯೂಟ್ಯೂಬ್‌ನಲ್ಲಿ ಒಂದು ವಿಡಿಯೊ ನೋಡುವುದು, ಪ್ಲೇ ಸ್ಟೋರ್‌ನಿಂದ ಆ್ಯಪ್ ಇಳಿಸಿಕೊಳ್ಳುವುದು, ಗೂಗಲ್‌ನಲ್ಲಿ ಹುಡುಕುವುದು, ಬೇರೊಂದು ತಾಣಕ್ಕೆ ಗೂಗಲ್ ಖಾತೆಯ ಮೂಲಕ ಪ್ರವೇಶಿಸುವುದು ಇವೆಲ್ಲ ಬಳಕೆಯ ಲೆಕ್ಕಕ್ಕೆ ಬರುತ್ತವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಎರಡು ವರ್ಷಕ್ಕೊಮ್ಮೆ ಮಾಡಿದರೂ ಸಾಕು.

ಆದರೆ ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಗೂಗಲ್ ಲೆಕ್ಕವಿಡುವುದು ಖಾತೆಯನ್ನು, ಉಪಕರಣವನ್ನಲ್ಲ. ಒಂದೇ ಮೊಬೈಲಿನಲ್ಲಿ ಎರಡು ಖಾತೆಗಳಿದ್ದು ನೀವು ನಿತ್ಯ ಒಂದನ್ನೇ ಬಳಸುತ್ತಿದ್ದರೆ, ಆ ಬಳಕೆ ಇನ್ನೊಂದರ ಪಾಲಿಗೆ ಸೇರದು. ಯೂಟ್ಯೂಬ್ ನೋಡುವಾಗ ಪರದೆಯ ಮೂಲೆಯ ಚಿತ್ರವನ್ನು ಒತ್ತಿ, ಯಾವ ವಿಳಾಸದಡಿ ನೋಡುತ್ತಿದ್ದೇವೆ ಎಂದು ಖಚಿತಪಡಿಸಿಕೊಳ್ಳಬೇಕು. ಎರಡನೆಯದು ಛಾಯಾಚಿತ್ರಗಳಿಗೆ ಸಂಬಂಧಿಸಿದ್ದು. ಖಾತೆಯ ಬೇರಾವುದೋ ಭಾಗ ಬಳಕೆಯಲ್ಲಿದ್ದರೂ, ಗೂಗಲ್ ಫೋಟೋಸ್‌ಗೆ ಪ್ರತ್ಯೇಕವಾಗಿ ಎರಡು ವರ್ಷಕ್ಕೊಮ್ಮೆ ಪ್ರವೇಶಿಸಬೇಕು ಎಂದು ಸಂಸ್ಥೆ ಬಿಡಿಸಿ ಹೇಳಿದೆ. ಜಿಮೇಲ್, ಡ್ರೈವ್, ಫೋಟೋಸ್ ಪೈಕಿ ಯಾವುದನ್ನು ಎರಡು ವರ್ಷ ಮುಟ್ಟಿಲ್ಲವೋ ಅದರಲ್ಲಿರುವುದನ್ನು ಅಳಿಸುವ ನಿಯಮ 2021ರ ಜೂನ್ 1ರಿಂದಲೇ ಜಾರಿಯಲ್ಲಿದೆ. 2023ರ ನಿಯಮ ಅದನ್ನು ಇಡೀ ಖಾತೆಗೆ ವಿಸ್ತರಿಸಿತು.

ಎಚ್ಚರಿಕೆ ಯಾರ ಕೈಸೇರುತ್ತದೆ?

ಏಕಾಏಕಿ ಅಳಿಸುವುದಿಲ್ಲ, ಕ್ರಮ ಕೈಗೊಳ್ಳುವ ಕನಿಷ್ಠ 8 ತಿಂಗಳ ಮುನ್ನವೇ ಎಚ್ಚರಿಕೆಯ ಪತ್ರಗಳು ಹೊರಡುತ್ತವೆ ಎಂದು ಗೂಗಲ್ 2023ರಲ್ಲಿ ಬಳಕೆದಾರರಿಗೆ ಬರೆದಿತ್ತು. ಆ ಪತ್ರಗಳು ಹೋಗುವುದು ಎರಡು ಕಡೆಗೆ: ಆ ಖಾತೆಗೆ ಮತ್ತು ಅದಕ್ಕೆ ಜೋಡಿಸಿರುವ ಮರುಪಡೆಯುವಿಕೆಯ ಇ-ಮೇಲ್ ವಿಳಾಸಕ್ಕೆ. ತೊಡಕು ಇರುವುದು ಇಲ್ಲಿಯೇ. ಮರೆತ ಖಾತೆಗೆ ಬಂದ ಪತ್ರವನ್ನು ಯಾರೂ ಓದುವುದಿಲ್ಲ. ಜೋಡಿಸಿರುವ ಇನ್ನೊಂದು ವಿಳಾಸವೂ ಅಷ್ಟೇ ಹಳೆಯದಾಗಿದ್ದರೆ ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ನಿವೃತ್ತ ಉಪನ್ಯಾಸಕರೊಬ್ಬರು 2008ರಲ್ಲಿ ಜಿಮೇಲ್ ಖಾತೆ ತೆರೆದು, ಮರುಪಡೆಯುವಿಕೆಗಾಗಿ ತಮ್ಮ ಯಾಹೂ ವಿಳಾಸವನ್ನೂ ಆಗಿನ ಪ್ರಿಪೇಯ್ಡ್ ಮೊಬೈಲ್ ಸಂಖ್ಯೆಯನ್ನೂ ಕೊಟ್ಟಿದ್ದರು ಎನ್ನಿ. 2023ರ ಆಗಸ್ಟ್ 10ರಂದು ಮಗಳು ಹೊಸ ಮೊಬೈಲನ್ನೂ ಹೊಸ ಸಂಖ್ಯೆಯನ್ನೂ ಕೊಡಿಸಿ, ಹೊಸ ಜಿಮೇಲ್ ಖಾತೆ ತೆರೆದುಕೊಟ್ಟಳು. ಅಂದಿನಿಂದ ಹಳೆಯದು ಯಾವುದನ್ನೂ ಅವರು ಬಳಸಲಿಲ್ಲ.

ಮೊದಲು ಕೈತಪ್ಪುವುದು ಮೊಬೈಲ್ ಸಂಖ್ಯೆ. ಟ್ರಾಯ್ ನಿಯಮದ ಪ್ರಕಾರ, 90 ದಿನ ಬಳಸದ ಪ್ರಿಪೇಯ್ಡ್ ಸಂಪರ್ಕವನ್ನು, ಅದರಲ್ಲಿ 20 ರೂಪಾಯಿಯಷ್ಟಾದರೂ ಮೊತ್ತ ಉಳಿದಿಲ್ಲದಿದ್ದರೆ, ಕಡಿತಗೊಳಿಸಬಹುದು. ಅಂದರೆ 2023ರ ನವೆಂಬರ್ ಹೊತ್ತಿಗೆ ಆ ಸಂಖ್ಯೆಯ ಮೇಲಿನ ಹಕ್ಕು ಹೋಗಬಹುದು. ಕೆಲಕಾಲದ ನಂತರ ಅದು ಬೇರೊಬ್ಬರ ಪಾಲಾಗಬಹುದು. ಬಳಿಕ ಯಾಹೂ ಸರದಿ. ಅಲ್ಲಿ 12 ತಿಂಗಳು ತೆರೆಯದ ಅಂಚೆಪೆಟ್ಟಿಗೆ ನಿಷ್ಕ್ರಿಯವೆನಿಸಿ ಪತ್ರಗಳು ಅಳಿಯುತ್ತವೆ. ಅದು 2024ರ ಆಗಸ್ಟ್. ಜಿಮೇಲ್‌ನ ಎರಡು ವರ್ಷ ತುಂಬುವುದು 2025ರ ಆಗಸ್ಟ್ 10ಕ್ಕೆ. ಅದಕ್ಕೆ 8 ತಿಂಗಳು ಮೊದಲು, 2024ರ ಡಿಸೆಂಬರಿನಲ್ಲಿ, ಗೂಗಲ್ ಮೊದಲ ಎಚ್ಚರಿಕೆ ಕಳುಹಿಸಿದರೂ ಅದು ಹೋಗಿ ಬೀಳುವುದು ನಾಲ್ಕು ತಿಂಗಳ ಹಿಂದೆಯೇ ನಿಷ್ಕ್ರಿಯವಾದ ಪೆಟ್ಟಿಗೆಗೆ. ಗೂಗಲ್ ತನ್ನ ಮಾತಿನಂತೆ ನಡೆದುಕೊಂಡರೂ ಉಪನ್ಯಾಸಕರಿಗೆ ಸುದ್ದಿ ಮುಟ್ಟಲಿಲ್ಲ.

ಪಾಸ್‌ವರ್ಡ್ ನೆನಪಿದ್ದರೂ ಕಷ್ಟ ತಪ್ಪಿದ್ದಲ್ಲ. ಬಹುಕಾಲದ ನಂತರ ಹೊಸ ಉಪಕರಣದಿಂದ ಪ್ರವೇಶಿಸಲು ಯತ್ನಿಸಿದಾಗ ಗೂಗಲ್ ಅನುಮಾನಗೊಂಡು ಹಳೆಯ ಸಂಖ್ಯೆಗೋ ಹಳೆಯ ವಿಳಾಸಕ್ಕೋ ಸಂಕೇತ ಕಳುಹಿಸಬಹುದು. ಎರಡೂ ಕೈಯಲ್ಲಿಲ್ಲದಿದ್ದರೆ, ಖಾತೆ ಇನ್ನೂ ಅಳಿಯದೆ ಇದ್ದರೂ ಬಾಗಿಲು ತೆರೆಯುವುದು ಕಷ್ಟ. ಆದ್ದರಿಂದ ಖಾತೆ ಉಳಿಸಿಕೊಳ್ಳುವುದೆಂದರೆ ಎರಡು ವರ್ಷಕ್ಕೊಮ್ಮೆ ಲಾಗಿನ್ ಆಗುವುದಷ್ಟೇ ಅಲ್ಲ, ಮರಳಿ ಬರುವ ದಾರಿಯನ್ನೂ ಸರಿಯಾಗಿಟ್ಟುಕೊಳ್ಳುವುದು.

ಮಾಡಬೇಕಾದದ್ದು ಇಷ್ಟು

ಮೊದಲು ಹಳೆಯ ಖಾತೆಗೆ ಪ್ರವೇಶಿಸಿ. ಪಾಸ್‌ವರ್ಡ್ ಮರೆತಿದ್ದರೆ accounts.google.com/signin/recovery ಪುಟಕ್ಕೆ ಹೋಗಬೇಕು. ಈ ಪ್ರಯತ್ನವನ್ನು ಹಿಂದೆ ಆ ಖಾತೆಯನ್ನು ಬಳಸುತ್ತಿದ್ದ ಕಂಪ್ಯೂಟರ್ ಅಥವಾ ಮೊಬೈಲಿನಿಂದ, ಹಿಂದೆ ಬಳಸುತ್ತಿದ್ದ ಬ್ರೌಸರ್‌ನಲ್ಲಿ, ಮನೆ ಅಥವಾ ಕಚೇರಿಯಂತಹ ರೂಢಿಯ ಸ್ಥಳದಿಂದಲೇ ಮಾಡುವುದು ಒಳಿತು. ಗೂಗಲ್ ಇವನ್ನೆಲ್ಲ ಗುರುತಿನ ಕುರುಹಾಗಿ ಪರಿಗಣಿಸುತ್ತದೆ. ಹಳೆಯ ಮೊಬೈಲ್ ಮೂಲೆಯಲ್ಲಿ ಬಿದ್ದಿದ್ದರೆ ಎಸೆಯುವ ಮುನ್ನ ಅದರಲ್ಲೊಮ್ಮೆ ಯತ್ನಿಸಿ. ಕೊನೆಯ ಪಾಸ್‌ವರ್ಡ್ ಕೇಳಿದರೆ, ನೆನಪಿರುವ ಹಳೆಯದನ್ನಾದರೂ ಕೊಡುವುದು ಬಿಟ್ಟು ಮುಂದೆ ಹೋಗುವುದಕ್ಕಿಂತ ಮೇಲು.

ಒಳಹೊಕ್ಕ ಕೂಡಲೇ myaccount.google.com ಪುಟದ Security ವಿಭಾಗದಲ್ಲಿ ಮರುಪಡೆಯುವಿಕೆಯ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ವಿಳಾಸವನ್ನು ಈಗ ಬಳಕೆಯಲ್ಲಿರುವುದಕ್ಕೆ ಬದಲಿಸಿ. ನಿತ್ಯ ನೋಡುವ ವಿಳಾಸವನ್ನೇ ಕೊಡಬೇಕು. ಮಗ ಅಥವಾ ಮಗಳ ವಿಳಾಸವಾದರೂ ಆದೀತು. ನಂತರ ಒಂದು ಪತ್ರ ತೆರೆದು ಓದಿ, ಫೋಟೋಸ್‌ಗೂ ಒಮ್ಮೆ ಹೋಗಿ ಬನ್ನಿ. ವರ್ಷಕ್ಕೊಮ್ಮೆ ಯುಗಾದಿಗೋ ಹುಟ್ಟುಹಬ್ಬಕ್ಕೋ ಇದನ್ನು ಮಾಡುವ ರೂಢಿ ಇಟ್ಟುಕೊಂಡರೆ ಗಡುವು ಮೀರದು.

ಖಾತೆಯೇ ಬೇಡ, ಒಳಗಿರುವುದು ಮಾತ್ರ ಬೇಕು ಎನ್ನುವವರು takeout.google.com ಮೂಲಕ ಪತ್ರ, ಚಿತ್ರ, ಕಡತಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು. ಆದರೆ ಬ್ಯಾಂಕ್, ವಿಮೆ ಅಥವಾ ಇತರ ತಾಣಗಳಲ್ಲಿ ಆ ವಿಳಾಸವನ್ನು ಕೊಟ್ಟಿದ್ದರೆ ಮೊದಲು ಅಲ್ಲಿ ಬದಲಿಸಬೇಕು. ಅಳಿದುಹೋದ ಜಿಮೇಲ್ ವಿಳಾಸವನ್ನು ಮತ್ತೆ ಯಾರೂ, ಹಳೆಯ ಒಡೆಯರು ಕೂಡ, ಹೊಸದಾಗಿ ಪಡೆಯಲಾಗದು.

ಖಾತೆ ಅಳಿಯಲಿದೆ ಎಂದು ಹೆದರಿಸುವ ನಕಲಿ ಪತ್ರಗಳ ಬಗ್ಗೆಯೂ ಎಚ್ಚರವಿರಲಿ. ಅಂತಹ ಪತ್ರ ನಿಜವೋ ಸುಳ್ಳೋ ಎಂದು ತೂಗುತ್ತ ಕೂರುವ ಅಗತ್ಯವಿಲ್ಲ. ಅದರಲ್ಲಿರುವ ಕೊಂಡಿಯನ್ನು ಒತ್ತದೆ, ವಿಳಾಸವನ್ನು ತಾವೇ ಟೈಪ್ ಮಾಡಿ ಖಾತೆಗೆ ಪ್ರವೇಶಿಸಿದರೆ ಎರಡು ಕೆಲಸವೂ ಒಟ್ಟಿಗೇ ಆಗುತ್ತದೆ.

ಯಾವ ಖಾತೆಗಳಿಗೆ ವಿನಾಯಿತಿ?

ನಿಯಮ ಅನ್ವಯವಾಗುವುದು ವೈಯಕ್ತಿಕ ಖಾತೆಗಳಿಗೆ ಮಾತ್ರ. ಶಾಲೆ, ಕಾಲೇಜು, ಕಂಪನಿಗಳು ಕೊಟ್ಟ ಖಾತೆಗಳ ಅಳಿವು ಉಳಿವು ಆಯಾ ಸಂಸ್ಥೆಯ ಕೈಯಲ್ಲಿದೆ. ಯೂಟ್ಯೂಬ್ ವಿಡಿಯೊಗಳಿರುವ ಖಾತೆಗಳನ್ನು ಅಳಿಸುವ ಯೋಚನೆ ಸದ್ಯಕ್ಕಿಲ್ಲ ಎಂದು 2023ರಲ್ಲಿ ಗೂಗಲ್ ಹೇಳಿತ್ತು. ಹಣ ಉಳಿದಿರುವ ಗಿಫ್ಟ್ ಕಾರ್ಡ್ ಇರುವ, ಪುಸ್ತಕ ಅಥವಾ ಚಲನಚಿತ್ರ ಖರೀದಿಸಿರುವ, ಮಕ್ಕಳ ಖಾತೆಯನ್ನು ಫ್ಯಾಮಿಲಿ ಲಿಂಕ್ ಮೂಲಕ ನಿರ್ವಹಿಸುತ್ತಿರುವ ಖಾತೆಗಳಿಗೂ ರಿಯಾಯಿತಿ ಇದೆ.

ಒಡೆಯರೇ ಇಲ್ಲವಾದಾಗ

ಖಾತೆದಾರರು ತೀರಿಕೊಂಡಾಗಲೂ ಎರಡು ವರ್ಷದ ಗಡಿಯಾರ ನಿಲ್ಲುವುದಿಲ್ಲ. ಮನೆಯವರು ಕೋರಿಕೆ ಸಲ್ಲಿಸಿದರೆ ಗೂಗಲ್ ಪರಿಶೀಲಿಸುತ್ತದೆಯಾದರೂ ಪಾಸ್‌ವರ್ಡನ್ನು ಎಂದಿಗೂ ಕೊಡುವುದಿಲ್ಲ. ಇದಕ್ಕೆ ಬದುಕಿರುವಾಗಲೇ ಮಾಡಿಡಬಹುದಾದ ಏರ್ಪಾಡು 2013ರಿಂದಲೂ ಇದೆ. myaccount.google.com/inactive ಪುಟದಲ್ಲಿ ಎಷ್ಟು ಕಾಲ ಬಳಕೆ ನಿಂತರೆ ಖಾತೆ ನಿಷ್ಕ್ರಿಯ ಎನ್ನಬೇಕೆಂಬುದನ್ನು 3, 6, 12 ಅಥವಾ 18 ತಿಂಗಳೆಂದು ನಾವೇ ಆರಿಸಬಹುದು. ಆಗ ಸುದ್ದಿ ತಿಳಿಸಬೇಕಾದ 10 ಮಂದಿಯವರೆಗೆ ಹೆಸರಿಸಿ, ಯಾರು ಏನನ್ನು ಇಳಿಸಿಕೊಳ್ಳಬಹುದೆಂದು ಗೊತ್ತುಮಾಡಬಹುದು. ಅವಧಿ ಮುಗಿಯುವ ಮುನ್ನ ಖಾತೆದಾರರಿಗೆ ಎಚ್ಚರಿಕೆ ಹೋಗುತ್ತದೆ; ಉತ್ತರವಿಲ್ಲದಿದ್ದರೆ ಹೆಸರಿಸಿದವರಿಗೆ ಪತ್ರ ಹೋಗುತ್ತದೆ.

ಇಲ್ಲಿ ಆರಿಸಬಹುದಾದ ಅತಿ ದೀರ್ಘ ಅವಧಿಯೇ 18 ತಿಂಗಳಾದ್ದರಿಂದ, ಎರಡು ವರ್ಷದ ಗಡುವಿಗೆ ಕನಿಷ್ಠ ಆರು ತಿಂಗಳು ಮುಂಚೆಯೇ ಮನೆಯವರಿಗೆ ವಿಷಯ ತಿಳಿದಿರುತ್ತದೆ. ತಂದೆ ತಾಯಿಯ ಮೊಬೈಲಿನಲ್ಲಿರುವ ಚಿತ್ರಗಳು ಮೊಮ್ಮಕ್ಕಳ ಕೈಗೆ ಸೇರಬೇಕೆಂದಿದ್ದರೆ, ಅವರೊಡನೆ ಕುಳಿತು ಈ ಪುಟವನ್ನು ಒಮ್ಮೆ ಭರ್ತಿ ಮಾಡಿಡುವುದು ಲೇಸು.