ಮನೆ, ಮಣೆ ಮತ್ತು ಅಂಗಿಯ ಅನುನಾಸಿಕ

ಅಮೆರಿಕದಲ್ಲಿ ಬೆಳೆದ ನನ್ನ ಮಗಳು ‘ಮಣೆ’ಯನ್ನು ‘ಮನೆ’ ಎಂದಾಗ ಅರ್ಥವೇ ಬದಲಾಗುತ್ತದೆ. ಒಂದೇ ಸ್ಥಾನದ ಒಂದೇ ಧ್ವನಿಯಲ್ಲಿ ವ್ಯತ್ಯಾಸವಿದ್ದು ಅರ್ಥ ಬೇರೆಯಾಗುವ ಇಂತಹ ಪದಗಳ ಜೋಡಿಯೇ ಕನಿಷ್ಠ ಯುಗ್ಮ. ಆದ್ದರಿಂದ ನ, ಣ ಕನ್ನಡದಲ್ಲಿ ಪ್ರತ್ಯೇಕ ಧ್ವನಿಮಾಗಳು.

ಈಗ ‘ಅಂಗಿ’, ‘ಅಂದು’ ಎಂದು ನಿಧಾನವಾಗಿ ಉಚ್ಚರಿಸಿರಿ. ಮೊದಲನೆಯದರಲ್ಲಿ ನಾಲಗೆಯ ಹಿಂಭಾಗವು ಮೃದುತಾಲುವನ್ನು ಮುಟ್ಟಿ ಙ ಹೊರಡುತ್ತದೆ; ಎರಡನೆಯದರಲ್ಲಿ ನಾಲಗೆಯ ತುದಿ ಹಲ್ಲಿಗೆ ತಾಗಿ ನ ಹೊರಡುತ್ತದೆ. ಅಚ್ಚಗನ್ನಡ ಪದಗಳೊಳಗೆ ಙ ಬರುವುದು ಕ, ಗಗಳ ಮೊದಲು ಮಾತ್ರ. ಅಲ್ಲಿ ನ ಬಾರದು. ಒಂದಿರುವಲ್ಲಿ ಇನ್ನೊಂದಿಲ್ಲದ ಈ ಸ್ಥಿತಿಯೇ ಪೂರಕ ಪ್ರಸಾರ. ಒಂದೇ ಪರಿಸರದಲ್ಲಿ ಎದುರಾಗದ ಧ್ವನಿಗಳು ಅರ್ಥವನ್ನು ಬೇರ್ಪಡಿಸಲಾರವು. ಎರಡೂ ಅನುನಾಸಿಕಗಳಾದುದರಿಂದ ಙವನ್ನು ನಕಾರದ ಉಪಧ್ವನಿಯೆಂದು ಊಹಿಸಬಹುದು.

ಇಂಗ್ಲಿಷಿನಲ್ಲಿ ಹಾಗಲ್ಲ. ಪಾಪವೆಂಬರ್ಥದ ‘ಸಿನ್’, ಹಾಡು ಎಂಬರ್ಥದ ‘ಸಿಙ್’ ಕೊನೆಯ ಧ್ವನಿಯಲ್ಲಿ ಮಾತ್ರ ಭಿನ್ನ. ಅಲ್ಲಿ ಙ ಸ್ವತಂತ್ರ ಧ್ವನಿಮಾ. ಕನ್ನಡದಲ್ಲಿಯೂ ಸಂಸ್ಕೃತದಿಂದ ಬಂದ ‘ವಾಙ್ಮಯ’, ‘ತನ್ಮಯ’ಗಳಲ್ಲಿ ಮಕಾರದ ಮೊದಲು ಎರಡೂ ಕಾಣಿಸಿಕೊಂಡು ನಿಯಮ ಸಡಿಲವಾಗುತ್ತದೆ. ಆದುದರಿಂದಲೇ ಪೂರಕ ಪ್ರಸಾರವು ಉಪಧ್ವನಿಯ ಸೂಚನೆಯಷ್ಟೇ, ಕೊನೆಯ ತೀರ್ಪಲ್ಲ.