ಬಾಣಂತಿಯ ಜ್ವರವೆಲ್ಲ ಹಾಲಿನ ಜ್ವರವಲ್ಲ

ಮರಳೂರಿನ ನಮ್ಮ ಬೀದಿಗೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಯುವತಿಯೊಬ್ಬಳಿಗೆ ಸಿಸೇರಿಯನ್ ಆಯಿತು. ಐದನೇ ದಿನ ಮಗುವಿನೊಂದಿಗೆ ಮನೆಗೆ ಬಂದಳು. ಏಳನೇ ದಿನ ಸಂಜೆ ಚಳಿ ಹಿಡಿದು ಮೈ ಬಿಸಿಯಾಯಿತು. "ಹಾಲು ಇಳಿಯುವಾಗ ಹೀಗೇ ಆಗುತ್ತೆ, ಬೇಟಿ" ಎಂದು ನಾನಿ ಸಮಾಧಾನ ಹೇಳಿ ಜ್ವರದ ಮಾತ್ರೆ ಕೊಟ್ಟರು. ಬೆವರಿ ಜ್ವರ ಇಳಿಯಿತು. ಮರುದಿನ ಸಂಜೆ ಮತ್ತೆ ಬಂತು.

ಒಂಬತ್ತನೇ ದಿನ ಮಗುವನ್ನು ನೋಡಲು ಹೋದ ನಾನು, "ಗಾಯ ನೋಡಿದಿರಾ?" ಎಂದು ಕೇಳಿದೆ. ಯಾರೂ ನೋಡಿರಲಿಲ್ಲ. ನೋವು ಹೆಚ್ಚುತ್ತಿದ್ದರೂ ಹುಡುಗಿ ನಾಚಿಕೆಯಿಂದ ಹೇಳಿರಲಿಲ್ಲ. ಬಟ್ಟೆ ಸರಿಸಿ ನೋಡಿದರೆ ಹೊಲಿಗೆಯ ಒಂದು ತುದಿ ಕೆಂಪಾಗಿ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ, ಬಟ್ಟೆಯ ಮೇಲೆ ಹಳದಿ ಕಲೆ. ಅಂದೇ ಆಸ್ಪತ್ರೆಗೆ ಕರೆದೊಯ್ದರು. ವೈದ್ಯೆ ಎರಡು ಹೊಲಿಗೆ ಬಿಚ್ಚಿ ಕೀವು ತೆಗೆದು ಇಂಜೆಕ್ಷನ್ ಆರಂಭಿಸಿದರು. ಆ ಗಾಯ ಕೂಡಲು ಮೂರು ವಾರ ಬೇಕಾಯಿತು.

ಸಹೋದರಿಯರೇ, ನಾನಿಯ ಮಾತು ಪೂರ್ತಿ ಸುಳ್ಳಲ್ಲ. ಹೆರಿಗೆಯಾದ ಮೂರನೇ, ನಾಲ್ಕನೇ ದಿನ ಎದೆ ತುಂಬಿ ಗಟ್ಟಿಯಾದಾಗ ಮೈ ಸ್ವಲ್ಪ ಬಿಸಿಯಾಗುವುದುಂಟು. ಆದರೆ ಅದು ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ, ಮಗು ಚೆನ್ನಾಗಿ ಹಾಲು ಕುಡಿದರೆ ಹಗುರವಾಗುತ್ತದೆ. ಗಾಯದ ಸೋಂಕು ಹೆಚ್ಚಾಗಿ ಕಾಣಿಸಿಕೊಳ್ಳುವುದು ನಾಲ್ಕನೇ ದಿನದ ನಂತರ, ಅಂದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಆದ್ದರಿಂದ ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. ಮಾತ್ರೆ ಕೊಡುವ ಮೊದಲು ಜ್ವರ ನೋಡಿ ಬರೆದಿಡಿ. ಮಾತ್ರೆ ಜ್ವರವನ್ನು ಇಳಿಸುತ್ತದೆ, ಕೀವನ್ನು ಒಣಗಿಸುವುದಿಲ್ಲ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಇದ್ದರೆ ಅದೇ ದಿನ ವೈದ್ಯರನ್ನು ಕೇಳಬೇಕು.

ಯಾವ ನೋವು ಸಹಜ?

ಮೊದಲ ಎರಡು ಮೂರು ದಿನ ನೋವು ಜಾಸ್ತಿ. ಏಳುವಾಗ, ಕೆಮ್ಮುವಾಗ ಹೊಲಿಗೆ ಎಳೆದಂತಾಗುತ್ತದೆ. ಆಗ ಹೊಟ್ಟೆಗೆ ದಿಂಬು ಒತ್ತಿಕೊಂಡರೆ ಹಾಯೆನಿಸುತ್ತದೆ. ಗಾಯದ ಸುತ್ತ ತುರಿಕೆ, ಜೋಮು ಹಿಡಿದಂತಹ ಮರಗಟ್ಟುವಿಕೆ ಇರುವುದೂ ಸಹಜ. ಆದರೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ನಿನ್ನೆಗಿಂತ ಇಂದು ಹೆಚ್ಚಾಗಿದ್ದರೆ, ಕಡಿಮೆಯಾದ ನೋವು ಮತ್ತೆ ಏರಿದರೆ, ಗಾಯವನ್ನು ನೋಡಲೇಬೇಕು.

ಮನೆಯಲ್ಲಿ ಗಾಯದ ಆರೈಕೆ

ಬ್ಯಾಂಡೇಜ್ ಯಾವಾಗ ತೆಗೆಯಬೇಕು, ಎಂದಿನಿಂದ ಸ್ನಾನ ಮಾಡಬಹುದು ಎಂಬುದನ್ನು ಆಸ್ಪತ್ರೆಯಿಂದ ಹೊರಡುವಾಗಲೇ ಕೇಳಿಕೊಳ್ಳಿ. ಅನುಮತಿ ಸಿಕ್ಕ ಮೇಲೆ ದಿನಕ್ಕೊಮ್ಮೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು, ಗಾಯದ ಮೇಲೆ ಶುದ್ಧ ಉಗುರುಬೆಚ್ಚಗಿನ ನೀರು ಹರಿಯಬಿಡಿ. ಉಜ್ಜಬೇಡಿ. ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆಯಿಂದ ಮೆಲ್ಲನೆ ಒತ್ತಿ ಒರೆಸಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುತ್ತಿದ್ದರೆ ಅದನ್ನೆತ್ತಿ ಒಳಭಾಗವನ್ನೂ ಒಣಗಿಸಿ. ಬೆವರು ನಿಲ್ಲುವುದು ಅಲ್ಲೇ. ಶಲ್ವಾರಿನ ಲಾಡಿ, ಲಂಗದ ದಾರ ಗಾಯಕ್ಕೆ ತಾಗದಂತೆ ಮೇಲೆ ಕಟ್ಟಿ.

ಅರಿಶಿನ, ಎಣ್ಣೆ, ಪೌಡರ್, ಬೂದಿ ಯಾವುದನ್ನೂ ಹಚ್ಚಬೇಡಿ. ಸುಡುನೀರನ್ನು ಹೊಟ್ಟೆಯ ಮೇಲೆ ರಭಸದಿಂದ ಎರಚುವ ಬಾಣಂತಿ ಸ್ನಾನವೂ ಹೊಲಿಗೆಯ ಗಾಯಕ್ಕೆ ಹೊಂದುವುದಿಲ್ಲ. ಬರೆದುಕೊಟ್ಟ ಆಂಟಿಬಯಾಟಿಕ್ ಮಾತ್ರೆಗಳನ್ನು ನೋವು ಹೋಯಿತೆಂದು ನಡುವೆ ಬಿಡಬೇಡಿ.

ನಿಫಾಸ್ ಮುಗಿದಾಗಲೂ ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೆ ಚಿಂತಿಸಬೇಡಿ. ರೋಗಿಗೆ ತಯಮ್ಮುಮ್‌ನ ರಿಯಾಯಿತಿಯನ್ನು ಕುರ್‌ಆನ್ ಸೂರಃ ಅಲ್ ಮಾಇದಃದಲ್ಲಿ (5:6) ನೀಡಿದೆ. ನಿಮ್ಮ ಸ್ಥಿತಿಗೆ ಯಾವ ವಿಧಾನ ಸರಿಯೆಂದು ಆಲಿಮರನ್ನು ಕೇಳಿ ತಿಳಿಯಿರಿ.

ಕಾಯಬಾರದ ಲಕ್ಷಣಗಳು

ಗಾಯದ ಕೆಂಪು ಹರಡುವುದು, ಕೀವು ಅಥವಾ ದುರ್ವಾಸನೆ, ಹೊಲಿಗೆ ಬಿಟ್ಟುಕೊಳ್ಳುವುದು, ಸ್ರಾವಕ್ಕೆ ಕೆಟ್ಟ ವಾಸನೆ, ಉರಿಮೂತ್ರ, ಎದೆಯ ಒಂದು ಕಡೆ ಕೆಂಪು ಗಂಟು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ. ಗಾಯ ಚೆನ್ನಾಗಿದ್ದೂ ಜ್ವರವಿದ್ದರೆ ಸೋಂಕು ಗರ್ಭಕೋಶದಲ್ಲೋ ಮೂತ್ರದಲ್ಲೋ ಇರಬಹುದು.

ಒಂದು ಗಂಟೆಯಲ್ಲಿ ಎರಡು ಪ್ಯಾಡ್ ನೆನೆಯುವಷ್ಟು ರಕ್ತ, ಉಸಿರಾಟದ ತೊಂದರೆ, ಎದೆನೋವು, ಒಂದೇ ಕಾಲು ಊದಿ ನೋಯುವುದು, ಮೂತ್ರ ತೀರಾ ಕಡಿಮೆಯಾಗುವುದು, ಫಿಟ್ಸ್, ಮಂಪರು ಅಥವಾ ಅಸಂಬದ್ಧ ಮಾತು ಇದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ.

ನಮ್ಮ ಜಿಲ್ಲೆಗೆ ಈ ಎಚ್ಚರ ಹೊಸದಲ್ಲ. 2024ರ ಫೆಬ್ರವರಿಯಲ್ಲಿ ಪಾವಗಡದ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರು ಮಹಿಳೆಯರು ತೀರಿಕೊಂಡರು. ಅವರಲ್ಲೊಬ್ಬರಿಗೆ ಆಗಿದ್ದುದು ಸಿಸೇರಿಯನ್. ಸೋಂಕೇ ಕಾರಣವೆಂಬ ಶಂಕೆ ವ್ಯಕ್ತವಾಗಿತ್ತು. ಆಸ್ಪತ್ರೆಯೊಳಗಿನ ಸ್ವಚ್ಛತೆ ಅವರ ಹೊಣೆ. ಮನೆಗೆ ಬಂದ ಮೇಲೆ ಗಾಯದ ಮೇಲೆ ಕಣ್ಣಿಡುವುದು ನಮ್ಮ ಹೊಣೆ.

ಬಾಣಂತಿಗೆ ತನ್ನ ಗಾಯ ತನಗೇ ಕಾಣುವುದಿಲ್ಲ. ಮನೆಯ ಹೆಣ್ಣೊಬ್ಬಳು, ತಾಯಿಯಾಗಲಿ ಅತ್ತೆಯಾಗಲಿ, ಬಾಗಿಲು ಹಾಕಿಕೊಂಡು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಲಿ. ನಮ್ಮ ಬೀದಿಯ ಹುಡುಗಿಗೆ ಆ ಎರಡು ನಿಮಿಷ ಏಳನೇ ದಿನವೇ ಸಿಕ್ಕಿದ್ದರೆ ಅವಳ ಹೊಲಿಗೆ ಬಿಚ್ಚುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.